ಒಂದೇ ಪುಸ್ತಕ, ಎರಡು ಪುಟದ ಪಾಠ: ಡಿಸ್ಲೆಕ್ಸಿಯಾ ಇರುವ ಮಗುವಿಗೆ ಹೊಂದಿಸುವುದು ಹೇಗೆ?

ತರಗತಿಯ ಒಂದು ಮಗುವಿಗೆ ಡಿಸ್ಲೆಕ್ಸಿಯಾ ಇದೆ ಎಂದು ಗೊತ್ತಾದಾಗ ಶಿಕ್ಷಕರಿಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಮುದ್ರಣವನ್ನೇ ನಂಬಿಕೊಂಡಿರುತ್ತವೆ. ದೊಡ್ಡ ಅಕ್ಷರದ ಪ್ರತಿ ಕೊಡಿ, ಸರಳ ಪುಸ್ತಕ ತರಿಸಿ, ಬೇರೆ ಅಭ್ಯಾಸಹಾಳೆ ತೆಗೆಸಿ ಎನ್ನುತ್ತಾರೆ. ಜೆರಾಕ್ಸ್ ಯಂತ್ರವೂ ಇಲ್ಲ, ಪ್ರಿಂಟರೂ ಇಲ್ಲ, ಇರುವುದು ಒಂದು ಪಠ್ಯಪುಸ್ತಕ, ಒಂದು ಕರಿಹಲಗೆ, ಒಂದಿಷ್ಟು ಹಾಳೆ ಎಂದಾದರೆ ಏನು ಮಾಡುವುದು? ಐದನೇ ತರಗತಿಯ ಒಂದು ವಿಜ್ಞಾನ ಪಾಠವನ್ನು ತೆಗೆದುಕೊಂಡು, ನಲವತ್ತು ನಿಮಿಷದ ಒಂದು ಪಿರಿಯಡ್‌ಗೆ ಅದನ್ನು ಹೊಂದಿಸುವ ಕೆಲಸವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡೋಣ.

## ತೊಡಕು ಎಲ್ಲಿದೆ?

ಓದುವುದು ಒಂದೇ ಕೆಲಸದಂತೆ ಕಂಡರೂ ಅದರೊಳಗೆ ಎರಡು ಕೆಲಸಗಳಿವೆ. ಕಾಗದದ ಮೇಲಿನ ಗುರುತನ್ನು ಸದ್ದಾಗಿಸಿ ಪದ ಕಟ್ಟುವುದು ಒಂದು. ಕಟ್ಟಿದ ಪದಗಳಿಂದ ಅರ್ಥ ಹಿಡಿಯುವುದು ಇನ್ನೊಂದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕೈಕೊಡುವುದು ಮೊದಲನೆಯದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಣ್ಣಿನ ದೋಷವೂ ಅಲ್ಲ. ಮಾತಿನೊಳಗಿನ ಸಣ್ಣ ಸಣ್ಣ ಸದ್ದುಗಳನ್ನು ಬಿಡಿಸಿ, ಅವನ್ನು ಗುರುತುಗಳಿಗೆ ಥಟ್ಟನೆ ಜೋಡಿಸುವಲ್ಲಿ ಮೆದುಳಿಗೆ ಹೆಚ್ಚು ಶ್ರಮ ಬೀಳುತ್ತದೆ, ಅಷ್ಟೆ.

ಆದರೆ ಆ ಶ್ರಮ ಎರಡನೆಯ ಕೆಲಸವನ್ನೂ ಕೆಡಿಸುತ್ತದೆ. ತೂತಿನ ಬಿಂದಿಗೆಯಲ್ಲಿ ನೀರು ಹೊತ್ತಂತೆ: ಸಾಲಿನ ಕೊನೆಯ ಪದ ಕಟ್ಟಿ ಮುಗಿಸುವಷ್ಟರಲ್ಲಿ ಮೊದಲ ಪದ ನೆನಪಿನಿಂದ ಸೋರಿಹೋಗಿರುತ್ತದೆ. ಹಾಗಾಗಿ ಮಗು ಇಡೀ ಪುಟವನ್ನು ಓದಿಯೂ ‘ಏನು ಓದಿದೆ?’ ಎಂದರೆ ಸುಮ್ಮನೆ ನಿಲ್ಲುತ್ತದೆ. ಅದೇ ಪುಟವನ್ನು ಬೇರೆಯವರು ಓದಿ ಹೇಳಿದರೆ ಪಟಪಟನೆ ಉತ್ತರ ಕೊಡುತ್ತದೆ.

ಕನ್ನಡ ಬರಹ ಒಂದು ವಿಷಯದಲ್ಲಿ ಉದಾರಿ: ಬರೆದದ್ದನ್ನೇ ಬಹುಪಾಲು ಉಚ್ಚರಿಸುತ್ತೇವೆ. ಆದರೆ ಕಲಿಯಬೇಕಾದ ಆಕಾರಗಳು ತುಂಬ. ವರ್ಣಮಾಲೆ ಕಲಿತರೆ ಮುಗಿಯಲಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರಗಳು, ಎಲ್ಲ ಸೇರಿ ನೂರಾರು. ಹೀಗಾಗಿ ಕನ್ನಡ ಓದುವ ಮಗುವಿನಲ್ಲಿ ತೊಡಕು ಕಾಣುವ ಜಾಗಗಳೂ ಬೇರೆ. ಒತ್ತು ಬಿಟ್ಟುಹೋಗುತ್ತದೆ, ‘ಕಲ್ಲು’ ‘ಕಲು’ ಆಗುತ್ತದೆ. ದೀರ್ಘ ತಪ್ಪಿ ‘ಮಾರ’ ‘ಮರ’ ಆಗುತ್ತದೆ. ‘ಪ’, ‘ಷ’, ‘ಫ’ ಕಲಸಿಹೋಗುತ್ತವೆ; ‘ದ’ ಮತ್ತು ‘ಧ’ ನಡುವಿನ ಸೀಳು ಕಣ್ಣಿಗೆ ಬೀಳುವುದಿಲ್ಲ. ಅರ್ಕಾವೊತ್ತು ಇನ್ನೂ ಕಷ್ಟ, ಏಕೆಂದರೆ ‘ಸೂರ್ಯ’ದಲ್ಲಿ ಮೊದಲು ಕೇಳುವ ರಕಾರದ ಗುರುತು ಬರಹದಲ್ಲಿ ಯಕಾರದ ನಂತರ ಕೂತಿದೆ. ತಪ್ಪೇ ಮಾಡದೆ, ಆದರೆ ಒಂದೊಂದು ಅಕ್ಷರಕ್ಕೂ ನಿಂತು ನಿಂತು ಓದುವ ಮಕ್ಕಳೂ ಇದ್ದಾರೆ. ‘ತಪ್ಪಿಲ್ಲವಲ್ಲ’ ಎಂದು ಇವರನ್ನು ಗಮನಿಸದೇ ಬಿಡುವುದೇ ಹೆಚ್ಚು.

## ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ

ಡಿಸ್ಲೆಕ್ಸಿಯಾ ಇದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಪರಿಣತರ ಕೆಲಸ. ಪಾಠ ಹೊಂದಿಸುವುದಕ್ಕೆ ಆ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ; ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ಮಗುವಿಗೆ ಅಡ್ಡ ಬಂದಿರುವುದು ಅಕ್ಷರವೋ, ವಿಷಯವೋ?

ಪಠ್ಯಪುಸ್ತಕದಲ್ಲಿ ಹೆಚ್ಚು ಕಡಿಮೆ ಒಂದೇ ಉದ್ದದ, ಒಂದೇ ಮಟ್ಟದ, ಮಗು ಹಿಂದೆ ಓದಿರದ ಎರಡು ಪ್ಯಾರಾ ಆರಿಸಿ. ಮೊದಲನೆಯದನ್ನು ನೀವು ಓದಿ ಹೇಳಿ, ಮೂರು ಪ್ರಶ್ನೆ ಕೇಳಿ. ಎರಡನೆಯದನ್ನು ಮಗುವೇ ಓದಲಿ, ಅದರ ಮೇಲೂ ಮೂರು ಪ್ರಶ್ನೆ ಕೇಳಿ. ಕೇಳಿದ್ದಕ್ಕೆ ಸರಿ ಉತ್ತರ, ಓದಿದ್ದಕ್ಕೆ ಮೌನ ಎಂದಾದರೆ ಅಡ್ಡ ಬಂದಿರುವುದು ಅಕ್ಷರ, ಮುಂದೆ ಹೇಳುವ ವಿಧಾನ ಅಂಥ ಮಗುವಿಗೆ ಹೊಂದುತ್ತದೆ. ಎರಡಕ್ಕೂ ಉತ್ತರ ಬಾರದಿದ್ದರೆ ಅವಸರ ಬೇಡ. ಕಿವಿ ಸರಿಯಾಗಿ ಕೇಳುತ್ತಿದೆಯೇ, ಮನೆಯಲ್ಲಿ ಆಡುವ ಭಾಷೆ ಬೇರೆಯೇ, ಪ್ಯಾರಾದಲ್ಲಿನ ಪದಗಳೇ ಹೊಸವೇ ಎಂದು ನೋಡಬೇಕು. ಆ ಮಗುವಿಗೆ ಪಾಠವನ್ನು ಬರೀ ಓದಿ ಹೇಳಿದರೆ ಏನೂ ದಕ್ಕುವುದಿಲ್ಲ.

## ಎರಡು ದಾರಿ ಬೇರೆ ಮಾಡುವುದು

ಈ ವಿಧಾನದ ತಿರುಳು ಇಷ್ಟು: ಪಾಠದ ವಿಷಯ ಕಿವಿ, ಮಾತು, ವಸ್ತುಗಳ ಮೂಲಕ ಪೂರ್ತಿಯಾಗಿ ಹೋಗಬೇಕು; ಓದುವ ಅಭ್ಯಾಸ ಅದೇ ವಿಷಯದ ಮೇಲೆ, ಆದರೆ ಮಗುವಿನ ಕೈಗೆಟಕುವಷ್ಟು ಮಾತ್ರ ನಡೆಯಬೇಕು. ಎರಡನ್ನೂ ಒಂದೇ ಪುಟದಿಂದ ಒಟ್ಟಿಗೆ ಮಾಡಲು ಹೋದಾಗ ಎರಡೂ ಹಾಳಾಗುತ್ತವೆ.

ಮುದ್ರಣ ಕಡಿಮೆ ಇರುವಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ. ವಿಷಯದ ದಾರಿಗೆ ಕಾಗದವೇ ಬೇಡ. ಓದಿನ ದಾರಿಗೆ ಬೇಕಾಗುವುದು ಕೈಯಲ್ಲಿ ಬರೆದ ಒಂದು ಹಾಳೆ, ಸುಮಾರು ಐವತ್ತು ಪದ.

## ಹಾಳೆ ತಯಾರಾಗುವ ಬಗೆ

‘ಬೀಜ ಪ್ರಸರಣ’ದ ಪಾಠ ಎಂದಿಟ್ಟುಕೊಳ್ಳಿ. ಎರಡು ಪುಟ, ಮುನ್ನೂರರಷ್ಟು ಪದ. ಅದರಲ್ಲಿ ಇಂಥದೊಂದು ವಾಕ್ಯ ಇದೆ ಎಂದುಕೊಳ್ಳೋಣ:

“ಸಸ್ಯಗಳು ಒಂದು ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಚಲಿಸಲಾರವಾದ್ದರಿಂದ ತಮ್ಮ ಬೀಜಗಳನ್ನು ದೂರದೂರಕ್ಕೆ ತಲುಪಿಸಲು ಗಾಳಿ, ನೀರು, ಪ್ರಾಣಿಗಳಂತಹ ಮಾಧ್ಯಮಗಳನ್ನು ಅವಲಂಬಿಸಿವೆ.”

ಹದಿನೈದು ಪದ. ಅವುಗಳಲ್ಲಿ ಹತ್ತಕ್ಕೆ ಒತ್ತಕ್ಷರವಿದೆ. ‘ಚಲಿಸಲಾರವಾದ್ದರಿಂದ’ ಎಂಬ ಒಂದೇ ಪದದಲ್ಲಿ ಒಂಬತ್ತು ಅಕ್ಷರ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬೀಜಕ್ಕೆ ಏನಾಗುತ್ತದೆ ಎಂಬುದು ತಿಳಿಯಬೇಕಾದರೆ ವಾಕ್ಯದ ಕೊನೆಯ ಪದದವರೆಗೆ ಕಾಯಬೇಕು, ಅಲ್ಲಿಯವರೆಗೆ ಎಲ್ಲವನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು.

ಹಾಳೆ ಬರೆಯುವ ಮುನ್ನ ಶಿಕ್ಷಕರು ಪುಸ್ತಕ ಮುಚ್ಚಿ, ಈ ಪಾಠ ಮುಗಿದ ಮೇಲೆ ಮಗು ಯಾವ ನಾಲ್ಕು ಸಂಗತಿ ಹೇಳಬೇಕು ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಪುಸ್ತಕ ತೆರೆದಿಟ್ಟುಕೊಂಡು ಸರಳ ಮಾಡಲು ಕೂತರೆ ಪುಸ್ತಕದ ವಾಕ್ಯಗಳೇ ಸ್ವಲ್ಪ ಮೊಟಕಾಗಿ ಮತ್ತೆ ಬರುತ್ತವೆ. ಬೀಜ ದೂರ ಏಕೆ ಹೋಗಬೇಕು, ಅದಕ್ಕೆ ಏನೆನ್ನುತ್ತಾರೆ, ಯಾವ ಯಾವ ಬಗೆಯಲ್ಲಿ ಹೋಗುತ್ತದೆ, ಆ ಬಗೆಗೂ ಬೀಜದ ರಚನೆಗೂ ಏನು ಸಂಬಂಧ. ಈ ನಾಲ್ಕನ್ನು ಇಟ್ಟುಕೊಂಡು ಬರೆದ ಹಾಳೆ ಹೀಗಾಗುತ್ತದೆ:

ಗಿಡ ನಡೆಯದು.
ಅದರ ಬೀಜ ದೂರ ಹೋಗಬೇಕು.
ಬುಡದಲ್ಲೇ ಬಿದ್ದರೆ ಜಾಗ, ನೀರು, ಬಿಸಿಲು ಸಾಲದು.
ಹೀಗೆ ದೂರ ಹೋಗುವುದೇ ಬೀಜ ಪ್ರಸರಣ.

ಎಕ್ಕದ ಬೀಜ ಹಗುರ.
ಅದಕ್ಕೆ ನವಿರಾದ ಎಳೆ ಇದೆ.
ಅದು ಗಾಳಿಯಲ್ಲಿ ಹಾರುತ್ತದೆ.

ತೆಂಗಿನಕಾಯಿಗೆ ನಾರಿನ ಸಿಪ್ಪೆ ಇದೆ.
ಅದು ನೀರಿನಲ್ಲಿ ತೇಲುತ್ತದೆ.

ಅಂಟುವ ಬೀಜಕ್ಕೆ ಕೊಕ್ಕೆ ಇದೆ.
ಅದು ಪ್ರಾಣಿಯ ಮೈಗೆ ಅಂಟುತ್ತದೆ.

ಹರಳಿನ ಕಾಯಿ ಒಣಗಿ ಸಿಡಿಯುತ್ತದೆ.
ಬೀಜ ಚೆಲ್ಲುತ್ತದೆ.

ಇಲ್ಲಿ ಹದಿಮೂರು ವಾಕ್ಯ, ನಲವತ್ತೆಂಟು ಪದ. ಒತ್ತಕ್ಷರಗಳನ್ನು ಪೂರ್ತಿ ತೆಗೆದಿಲ್ಲ. ತೆಗೆಯಲೂಬಾರದು, ಅವಿಲ್ಲದೆ ಸಹಜ ಕನ್ನಡ ಬರೆಯಲಾಗದು. ಆದರೆ ಹೆಚ್ಚಿನವು ‘ತ್ತ’, ‘ಲ್ಲ’, ‘ಕ್ಕ’ದಂಥ ಸಜಾತಿ ಒತ್ತುಗಳು, ‘ತ್ತದೆ’ ಮತ್ತೆ ಮತ್ತೆ ಬರುವುದರಿಂದ ಮೂರನೆಯ ಸಲಕ್ಕೆ ಮಗುವಿನ ಕಣ್ಣಿಗೆ ಒಗ್ಗಿರುತ್ತದೆ. ‘ಇದೆ’, ‘ಅದು’ ಎಂಬ ಚೌಕಟ್ಟು ಮರಳಿ ಬರುವುದೂ ಬೇಕೆಂದೇ. ಸಾಹಿತ್ಯದ ದೃಷ್ಟಿಯಿಂದ ಬೇಸರ, ಓದಿನ ದೃಷ್ಟಿಯಿಂದ ಊರುಗೋಲು.

ಸಿಡಿಯುವ ಕಾಯಿಗೆ ಪುಸ್ತಕದಲ್ಲಿ ಕರ್ಣಕುಂಡಲದ ಉದಾಹರಣೆ ಇದ್ದರೆ ಅದನ್ನು ಬಿಟ್ಟು ಹರಳನ್ನು ತೆಗೆದುಕೊಂಡದ್ದಕ್ಕೆ ಕಾರಣ ಅರ್ಕಾವೊತ್ತು. ಉದಾಹರಣೆ ಬದಲಾದರೆ ಪಾಠಕ್ಕೆ ನಷ್ಟವಿಲ್ಲ. ‘ಪ್ರಸರಣ’ದ ಮಾತು ಬೇರೆ. ಅದು ಪಾಠದ ಪಾರಿಭಾಷಿಕ ಪದ, ಪರೀಕ್ಷೆಯಲ್ಲಿ ಅದೇ ಬರುತ್ತದೆ. ‘ಹರಡುವುದು’ ಎಂದು ಬದಲಿಸಿದರೆ ಹಾಳೆ ಸಲೀಸಾಗುತ್ತದೆ, ಆದರೆ ಪ್ರಶ್ನೆಪತ್ರಿಕೆ ಎದುರಾದ ದಿನ ಮಗುವಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ವಾಕ್ಯ ಸರಳವಾಗಲಿ, ವಿಷಯ ತೆಳುವಾಗದಿರಲಿ. ಸರಳಗೊಳಿಸಿದ ಪಾಠಗಳು ಹೆಚ್ಚಾಗಿ ಕೆಡುವುದು ಈ ಜಾಗದಲ್ಲೇ.

## ಕೈಬರಹದ ವಿಚಾರ

ಗೆರೆಯಿರುವ ನೋಟ್‌ಬುಕ್ ಹಾಳೆಯಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯಬೇಕು. ಕನ್ನಡಕ್ಕೆ ಇದು ಬರೀ ಅಂದದ ಮಾತಲ್ಲ. ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮತ್ತು ತಲೆಕಟ್ಟು ಮೇಲೆ ಏರುತ್ತವೆ. ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಯಾವುದು ಯಾರದೆಂದು ತಿಳಿಯದಂತಾಗುತ್ತದೆ. ಒತ್ತಕ್ಷರವನ್ನು ಪುಟ್ಟ ಚುಕ್ಕಿಯಂತೆ ಬರೆಯುವ ಅಭ್ಯಾಸ ಹಲವರಿಗಿದೆ. ಈ ಹಾಳೆಯಲ್ಲಿ ಅದು ಮೂಲಾಕ್ಷರದ ಅರ್ಧದಷ್ಟಾದರೂ ದೊಡ್ಡದಿರಲಿ.

ಪದ ಪದದ ನಡುವೆ ಒಂದು ಅಕ್ಷರ ಹಿಡಿಸುವಷ್ಟು ಜಾಗ ಬಿಡಿ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಡಿ, ಇಡೀ ಪದವನ್ನು ಮುಂದಿನ ಸಾಲಿಗೆ ಒಯ್ಯಿರಿ. ಒಂದು ವಾಕ್ಯ ಒಂದು ಸಾಲಲ್ಲೇ ಮುಗಿದರೆ ಇನ್ನೂ ಒಳ್ಳೆಯದು. ಉದ್ದ ಪದಗಳಿಗೆ ಪೆನ್ಸಿಲ್‌ನಿಂದ ತೆಳುವಾಗಿ ಒಂದು ಓರೆಗೆರೆ ಎಳೆಯಬಹುದು: ತೆಂಗಿನ/ಕಾಯಿಗೆ, ಬುಡ/ದಲ್ಲೇ. ಗೆರೆ ಬೀಳಬೇಕಾದದ್ದು ಅರ್ಥ ಬಿಡಿಸಿಕೊಳ್ಳುವ ಕಡೆ, ಕಂಡಕಂಡಲ್ಲಿ ಅಲ್ಲ. ಪದ ರೂಢಿಯಾದ ಮೇಲೆ ಅದನ್ನು ಅಳಿಸಿಬಿಡಬೇಕು, ಇಲ್ಲದಿದ್ದರೆ ಗೆರೆ ಇಲ್ಲದ ಪದವನ್ನು ಮಗು ಗುರುತಿಸುವುದೇ ಇಲ್ಲ.

ಪಠ್ಯಪುಸ್ತಕವನ್ನೇ ಓದಬೇಕಾದಾಗ ಹಳೆ ಆಮಂತ್ರಣ ಪತ್ರಿಕೆಯಂಥ ದಪ್ಪ ಕಾಗದದಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟುಕೊಳ್ಳುವುದು ಹಳೆಯ ಉಪಾಯ. ಕಣ್ಣು ಸಾಲು ತಪ್ಪುವ ಮಕ್ಕಳಿಗೆ ಇದು ನೆರವಾಗುತ್ತದೆ. ಆದರೆ ಕಿಂಡಿಯ ಎತ್ತರವನ್ನು ಅಕ್ಷರಕ್ಕೆ ಅಳೆದರೆ ಒತ್ತುಗಳೆಲ್ಲ ಕಾಗದದಡಿ ಮರೆಯಾಗುತ್ತವೆ, ಆಗ ಮಗು ‘ಕಲ್ಲು’ ಎಂಬುದನ್ನು ‘ಕಲು’ ಎಂದು ಓದಿದರೆ ತಪ್ಪು ಕಿಂಡಿಯದು. ಗುಡಿಸಿನ ತುದಿಯಿಂದ ಒತ್ತಿನ ಬುಡದವರೆಗೆ ಅಳೆದು ಕತ್ತರಿಸಬೇಕು.

ಬಣ್ಣದ ಪ್ಲಾಸ್ಟಿಕ್ ಹಾಳೆ, ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ವಿಶೇಷ ಫಾಂಟು ಇವುಗಳ ಹೆಸರು ಆಗಾಗ ಕೇಳಿಬರುತ್ತದೆ. ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಇವು ಕೈಯಲ್ಲಿಲ್ಲವೆಂದು ಕೊರಗುವ ಅಗತ್ಯವಿಲ್ಲ.

## ನಲವತ್ತು ನಿಮಿಷ

ಮೊದಲ ಎಂಟು ನಿಮಿಷ ಪುಸ್ತಕ ತೆರೆಯುವುದಿಲ್ಲ. ಎಕ್ಕದ ಬೀಜವನ್ನು ಮೇಲಿಂದ ಬಿಟ್ಟು ಅದು ತೇಲುತ್ತಾ ಇಳಿಯುವುದನ್ನು ಎಲ್ಲ ಮಕ್ಕಳೂ ನೋಡಲಿ. ಒಣಗಿ ತಾನಾಗಿ ಒಡೆದ ಕಾಯಿಯ ಬೀಜವನ್ನೇ ತರಬೇಕು, ಏಕೆಂದರೆ ಹಸಿ ಗಿಡದ ಹಾಲು ಕಣ್ಣಿಗೆ ಅಪಾಯ. ಹರಳು ಬೀಜ ವಿಷ, ಆದ್ದರಿಂದ ಅದು ಹಲಗೆಯ ಚಿತ್ರದಲ್ಲೇ ಇರಲಿ. ಪ್ರಸರಣ, ಎಳೆ, ಕೊಕ್ಕೆ, ಸಿಡಿ ಎಂಬ ನಾಲ್ಕು ಪದಗಳನ್ನು ಹಲಗೆಯ ಎಡಬದಿಯಲ್ಲಿ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಪುಟ್ಟ ಚಿತ್ರ ಹಾಕಿ, ಪಿರಿಯಡ್ ಮುಗಿಯುವವರೆಗೆ ಒರೆಸದೆ ಬಿಡಬೇಕು. ಅಕ್ಷರ ಐದು ಸೆಂಟಿಮೀಟರ್ ಎತ್ತರವಿದ್ದರೆ ಹಿಂದಿನ ಸಾಲಿಗೂ ಕಾಣುತ್ತದೆ. ಪದವನ್ನು ಹೇಳಿ, ಚಪ್ಪಾಳೆಯಲ್ಲಿ ಬಿಡಿಸಿ: ಪ್ರ, ಸ, ರ, ಣ. ಕೇಳಿ ಪರಿಚಯವಾದ ಪದವನ್ನು ಓದಿ ಗುರುತಿಸುವುದು, ಕೇಳಿಯೇ ಇರದ ಪದವನ್ನು ಓದುವುದಕ್ಕಿಂತ ಬಹಳ ಸುಲಭ.

ಮುಂದಿನ ಹತ್ತು ನಿಮಿಷ ಶಿಕ್ಷಕರು ಪುಸ್ತಕದ ಪಾಠವನ್ನು ಮೂರು ತುಂಡು ಮಾಡಿ ಓದುತ್ತಾರೆ. ಪ್ರತಿ ತುಂಡಿನ ನಂತರ ನಿಲ್ಲಿಸಿ, ಯಾರಾದರೊಬ್ಬರು ತಮ್ಮ ಮಾತಿನಲ್ಲಿ ಹೇಳಬೇಕು. ಈ ಮಗುವಿನ ಸರದಿ ಇಲ್ಲಿ ಬರಲಿ.

“ಗಿಡ ಯಾಕೆ ಬೀಜಾನ ದೂರ ಕಳಿಸುತ್ತೆ?”

“ಎಲ್ಲಾ ಬುಡದಲ್ಲೇ ಬಿದ್ರೆ ಬಿಸಿಲೇ ಸಿಗಲ್ಲ ಟೀಚರ್. ಒಂದಕ್ಕೊಂದು ಕಿತ್ತಾಡ್ತವೆ.”

ಇದು ಪಾಠದ ಮುಖ್ಯ ಉತ್ತರ, ಪುಸ್ತಕದ ಒಂದು ಸಾಲೂ ಓದದೆ ಬಂದದ್ದು. ಸರದಿಯಂತೆ ಒಬ್ಬೊಬ್ಬರನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸುವ ಪದ್ಧತಿಯನ್ನು ಈ ಪಿರಿಯಡ್‌ನಲ್ಲಿ ಕೈಬಿಡುವುದು ಮೇಲು. ತನ್ನ ಸಾಲು ಯಾವುದು ಬರುತ್ತದೋ ಎಂದು ಲೆಕ್ಕ ಹಾಕುತ್ತಾ ಕೂತ ಮಗು ಪಾಠ ಕೇಳಿಸಿಕೊಳ್ಳುವುದೇ ಇಲ್ಲ. ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಎರಡು ವಾಕ್ಯ ಕೊಟ್ಟು, ಅದನ್ನೇ ಓದಿಸಬೇಕು.

ನಂತರದ ಹನ್ನೆರಡು ನಿಮಿಷ ಓದಿನದು. ಉಳಿದವರು ಗುಂಪಾಗಿ ಪುಸ್ತಕ ಹಂಚಿಕೊಂಡು ಓದುವಾಗ ಶಿಕ್ಷಕರು ನಾಲ್ಕು ನಿಮಿಷ ಈ ಮಗುವಿನ ಪಕ್ಕ ಕೂತು ಹಾಳೆ ಓದಿಸುತ್ತಾರೆ: ಮೊದಲು ಬೆರಳಿಟ್ಟು ತಾವು ಓದಿ, ಆಮೇಲೆ ಇಬ್ಬರೂ ಸೇರಿ, ಕೊನೆಗೆ ಮಗು ಒಂದೇ. ನಾಲ್ಕು ನಿಮಿಷದಲ್ಲಿ ಮೊದಲ ಏಳು ವಾಕ್ಯ ಆದರೆ ಸಾಕು. ಮಿಕ್ಕದ್ದು ಜೊತೆಗಾರನೊಂದಿಗೆ.

ಜೊತೆಗಾರನ ಕೆಲಸವನ್ನು ಬಿಡಿಸಿ ಹೇಳಿಕೊಡದಿದ್ದರೆ ಚುರುಕಿನ ಮಗು ಎಲ್ಲವನ್ನೂ ತಾನೇ ಓದಿ, ತಾನೇ ಉತ್ತರ ಹೇಳಿ ಮುಗಿಸಿಬಿಡುತ್ತದೆ. ಅವನಿಗೆ ಹೇಳಬೇಕಾದದ್ದು ಎರಡೇ: ಒಂದು ವಾಕ್ಯ ಓದಿ ನಿಲ್ಲು, ಈ ಮಗು ಅದನ್ನೇ ಓದಲಿ; ಮಗು ಪದದಲ್ಲಿ ಸಿಕ್ಕಿಕೊಂಡರೆ ಮನಸ್ಸಿನಲ್ಲೇ ಐದು ಎಣಿಸು, ಆಮೇಲೆ ಪದ ಹೇಳಿಕೊಡು. ಐದು ಎಣಿಸುವಷ್ಟು ಹೊತ್ತಿನಲ್ಲಿ ಎಷ್ಟೋ ಪದಗಳು ತಾವಾಗಿ ಬಾಯಿಗೆ ಬರುತ್ತವೆ.

ಕೊನೆಯ ಹತ್ತು ನಿಮಿಷ ಉತ್ತರಕ್ಕೆ. ಹಲಗೆಯಿಂದ ಪ್ರಶ್ನೋತ್ತರ ನಕಲು ಮಾಡಿಸುವುದು ಈ ಮಗುವಿಗೆ ಅತ್ಯಂತ ದುಬಾರಿ ಕೆಲಸ. ಪ್ರತಿ ಸಲ ತಲೆ ಎತ್ತಿ ಒಂದೆರಡು ಅಕ್ಷರ ಹಿಡಿದು, ತಲೆ ತಗ್ಗಿಸಿ ಬರೆದು, ಮತ್ತೆ ಬಿಟ್ಟ ಜಾಗ ಹುಡುಕಬೇಕು. ಕೊನೆಗೆ ನೋಟ್‌ಬುಕ್ ತುಂಬಿರುತ್ತದೆ, ತಲೆಗೆ ಏನೂ ಇಳಿದಿರುವುದಿಲ್ಲ. ಇದರ ಬದಲು ಗಾಳಿ, ನೀರು, ಪ್ರಾಣಿ, ಸಿಡಿತ ಎಂದು ನಾಲ್ಕು ಮನೆ ಎಳೆದು, ಪ್ರತಿ ಮನೆಯಲ್ಲಿ ಒಂದು ಚಿತ್ರ ಮತ್ತು ಹಾಳೆಯಿಂದ ಆರಿಸಿದ ಒಂದು ಪದ ಬರೆಸಿ. ವಿವರಣೆ ಬಾಯಲ್ಲಿ ಹೇಳಲಿ. ವಿಷಯಕ್ಕೆ ಅಂಕ ಕೊಡುವಾಗ ಕಾಗುಣಿತದ ತಪ್ಪಿಗೆ ಕಳೆಯಬೇಡಿ, ಅದರ ಲೆಕ್ಕ ಬೇರೆಯೇ ಇರಲಿ.

ಮೊಬೈಲ್ ಇದ್ದರೆ ಹಾಳೆಯನ್ನು ಓದಿ ಧ್ವನಿಮುದ್ರಿಸಿ ಮನೆಗೂ ಕಳಿಸಬಹುದು. ಮಾತಾಡುವ ವೇಗದಲ್ಲಿ ಓದಿದರೆ ಮಗುವಿನ ಬೆರಳು ಹಿಂದೆ ಬೀಳುತ್ತದೆ. ನೀವೂ ಬೆರಳಿಟ್ಟುಕೊಂಡೇ ಓದಿ, ವಾಕ್ಯ ಮುಗಿದಾಗ ಒಂದು ಉಸಿರು ನಿಲ್ಲಿಸಿ.

## ಓದುತ್ತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ?

ಈ ವಿಧಾನದ ದೊಡ್ಡ ಮೋಸ ಇದೇ. ಕೇಳಿ ನೆನಪಿಟ್ಟುಕೊಳ್ಳುವುದರಲ್ಲಿ ಇಂಥ ಮಕ್ಕಳು ಎಷ್ಟೋ ಸಲ ಗಟ್ಟಿಗರು. ಎರಡು ಸಲ ಕೇಳಿದರೆ ಹಾಳೆಯನ್ನು ನೋಡಿಕೊಂಡು ಓದಿದಂತೆಯೇ ಒಪ್ಪಿಸುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ: ಬೆರಳು ಒಂದು ಪದದ ಮೇಲೆ, ಬಾಯಿ ಇನ್ನೊಂದರ ಮೇಲೆ ಇರುತ್ತದೆ. ‘ಹಾರುತ್ತದೆ’ ಎಂದು ಬರೆದಿದ್ದರೂ ‘ಹಾರಿ ಹೋಗುತ್ತದೆ’ ಎಂದು ಬರುತ್ತದೆ. ಸಂಶಯ ಬಂದರೆ ಕೊನೆಯ ಸಾಲಿನ ಒಂದು ಪದ, ನಡುವಿನ ಸಾಲಿನ ಒಂದು ಪದ ಎಂದು ಅಡ್ಡಾದಿಡ್ಡಿ ತೋರಿಸಿ ಕೇಳಬೇಕು.

ಇದಕ್ಕೆ ಪರಿಹಾರವೂ ಅದೇ ಹಾಳೆಯಲ್ಲಿದೆ. ಮರುದಿನ ಅದನ್ನು ವಾಕ್ಯಕ್ಕೊಂದರಂತೆ ಹದಿಮೂರು ಪಟ್ಟಿಗಳಾಗಿ ಕತ್ತರಿಸಿ, ಕಲಸಿ ಕೊಡಿ. ‘ಅದು ನೀರಿನಲ್ಲಿ ತೇಲುತ್ತದೆ’ ಎಂಬ ಪಟ್ಟಿ ಯಾವುದರ ಪಕ್ಕ ಕೂರಬೇಕು ಎಂದು ನಿರ್ಧರಿಸಲು ಈಗ ಓದಲೇಬೇಕು. ಇಡೀ ಗುಂಪಿಗೆ ಇದೇ ಆಟ ಕೊಟ್ಟರೆ ಆ ಮಗು ಒಂದೇ ಬೇರೆಯಾಗಿ ಕಾಣುವುದೂ ತಪ್ಪುತ್ತದೆ. ಪಟ್ಟಿಗಳನ್ನು ಹಳೆ ಲಕೋಟೆಯಲ್ಲಿ ಹಾಕಿ ಮೇಲೆ ಪಾಠದ ಹೆಸರು ಬರೆದಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ.

## ಹಾಳೆ ಕಷ್ಟವಾಯಿತೇ, ಸುಲಭವಾಯಿತೇ?

ಮಗು ಒಂದೇ ಓದುವಾಗ ತಪ್ಪಿದ ಅಥವಾ ಹೇಳಿಕೊಡಬೇಕಾದ ಪದಗಳನ್ನು ಎಣಿಸಿ. ನಲವತ್ತೆಂಟು ಪದಗಳಲ್ಲಿ ಒಂದೆರಡು ತಪ್ಪಿದರೆ ಅದು ತಾನಾಗಿ ಓದಿಕೊಳ್ಳಬಲ್ಲ ಮಟ್ಟ. ಮೂರು ನಾಲ್ಕು ಆದರೆ ನೆರವಿನೊಂದಿಗೆ ಕಲಿಯುವ ಮಟ್ಟ, ಹಾಳೆ ಇರಬೇಕಾದದ್ದು ಇಲ್ಲಿ. ಐದು ಅಥವಾ ಅದಕ್ಕಿಂತ ಹೆಚ್ಚಾದರೆ, ಅಂದರೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪದ ತಪ್ಪಿದರೆ, ಅರ್ಥದ ಎಳೆ ಹರಿಯುತ್ತದೆ. ಆಗ ವಾಕ್ಯಗಳನ್ನು ಇನ್ನೂ ಸರಳ ಮಾಡುವುದಕ್ಕಿಂತ ಹಾಳೆಯನ್ನೇ ಅರ್ಧ ಮಾಡುವುದು ಒಳ್ಳೆಯದು: ಮೊದಲ ನಾಲ್ಕು ವಾಕ್ಯ ಮತ್ತು ಎಕ್ಕದ ಮೂರು ಇವತ್ತಿಗೆ, ಉಳಿದದ್ದು ನಾಳೆಗೆ.

ತಪ್ಪುಗಳನ್ನು ಎಣಿಸುವುದಷ್ಟೇ ಅಲ್ಲ, ಬರೆದಿಟ್ಟುಕೊಳ್ಳಲೂ ಬೇಕು. ‘ಸಿಪ್ಪೆ’ ‘ಸಿಪೆ’ ಆಯಿತು, ‘ಕೊಕ್ಕೆ’ ‘ಕೊಕೆ’ ಆಯಿತು, ‘ಹಾರುತ್ತದೆ’ ಸರಿ ಬಂತು ಎಂದರೆ ‘ತ್ತ’ ಕೂತಿದೆ, ‘ಪ್ಪ’, ‘ಕ್ಕ’ ಕೂತಿಲ್ಲ ಎಂದರ್ಥ. ಹೊಂದಿಸಿದ ಪಾಠ ತಾನಾಗಿ ಓದು ಕಲಿಸುವುದಿಲ್ಲ. ಅದಕ್ಕೆ ದಿನಕ್ಕೆ ಹತ್ತು ಹದಿನೈದು ನಿಮಿಷದ ಬೇರೆ ಅಭ್ಯಾಸ ಬೇಕು. ಆ ಅಭ್ಯಾಸದಲ್ಲಿ ನಾಳೆ ಏನು ತೆಗೆದುಕೊಳ್ಳಬೇಕು ಎಂಬುದನ್ನು ಈ ತಪ್ಪುಗಳ ಪಟ್ಟಿ ಹೇಳುತ್ತದೆ: ಅಪ್ಪ, ತುಪ್ಪ, ಸೊಪ್ಪು; ಅಕ್ಕ, ಬೆಕ್ಕು, ರೆಕ್ಕೆ. ವಾರ ಬಿಟ್ಟು ಅದೇ ಲಕೋಟೆ ತೆರೆದು ‘ಸಿಪ್ಪೆ’ ಮತ್ತು ‘ಕೊಕ್ಕೆ’ ಇರುವ ಎರಡು ಪಟ್ಟಿಗಳನ್ನು ಮಾತ್ರ ಓದಿಸಿ ನೋಡಬೇಕು.